ಕೊಸರು ಮೊಳಕ್ಕಿಂತ ಉದ್ದವಾದಾಗ

ಇಲ್ಲಿ ಬರೆದು ಆರು ತಿಂಗಳ ಮೇಲಾಯ್ತು. "ಏನ್ ಗುರು, ಬ್ಲಾಗಿಗೆ ಬೀಗ ಹಾಕಿಬಿಟ್ಟೆಯಾ?" ಅಂತ ಇಬ್ಬರು ಮೇಲ್ ಕೂಡ ಮಾಡಿದ್ದರು. ಬೀಗ ಹಾಕಿರಲಿಲ್ಲ. ಬರೆಯೋಕೆ ಕೂತಾಗಲೆಲ್ಲ ಒಂದೇ ವಿಷಯ ತಲೆಗೆ ಬರ್ತಿತ್ತು. ಅದನ್ನ ಬರೆದರೆ ಬರೀ ಗೋಳಾಗುತ್ತೆ ಅನ್ನಿಸಿ ಸುಮ್ಮನಾಗ್ತಿದ್ದೆ. ಈಗ ಅದು ಮುಗಿದಿದೆ, ಸಿಟ್ಟೂ ಇಳಿದಿದೆ. ಅದಕ್ಕೇ ಬರೀತಿದೀನಿ.

ಹೂವಿನವಳ ಹತ್ರ ಎರಡು ಮೊಳ ಮಲ್ಲಿಗೆ ತಗೊಂಡ್ರೆ ಕೊನೇಲಿ ನಾಲ್ಕು ಬೆರಳು ಕೊಸರು ಹಾಕ್ತಾಳಲ್ಲ, ಅದು ಎಲ್ಲರಿಗೂ ಗೊತ್ತು. ಕೊಸರು ಕೇಳೋದು ತಪ್ಪಲ್ಲ, ಕೊಡೋದು ನಷ್ಟ ಅಲ್ಲ. ಆದರೆ ದಿನಾ ಕೊಸರು ಕೇಳ್ತಾ ಕೇಳ್ತಾ ಒಂದಿನ ಕೊಸರೇ ಮೊಳಕ್ಕಿಂತ ಉದ್ದ ಆದರೆ? ನಮ್ಮ ಸಾಫ್ಟ್‌ವೇರ್ ಕಂಪನಿಗಳಲ್ಲಿ ಇದಕ್ಕೆ ಸ್ಕೋಪ್ ಕ್ರೀಪ್ ಅಂತ ಹೆಸರು. ವೈಟ್‌ಫೀಲ್ಡ್‌ನಲ್ಲಿ ಐದು ವರ್ಷ ಕೆಲಸ ಮಾಡುವಾಗ ಆ ಪದ ನೂರು ಸಲ ಕೇಳಿದ್ದೆ. ಅಲ್ಲಿ ಕ್ಲೈಂಟ್ ಏನಾದರೂ ಹೊಸದು ಕೇಳಿದರೆ ಪ್ರಾಜೆಕ್ಟ್ ಮ್ಯಾನೇಜರ್ "ಚೇಂಜ್ ರಿಕ್ವೆಸ್ಟ್ ಹಾಕಿ" ಅಂತ ಮೇಲ್ ಕಳಿಸ್ತಿದ್ದರು, ನಾನು ಕಾಫಿ ಕುಡಿಯೋಕೆ ಹೋಗ್ತಿದ್ದೆ. ಆ ಮೇಲ್ ಹಿಂದೆ ಎಷ್ಟು ಸಂಕಟ ಇರುತ್ತೆ ಅಂತ ಪೀಣ್ಯಕ್ಕೆ ಬಂದ ಮೇಲೇ ಗೊತ್ತಾಗಿದ್ದು.

೨೦೨೪ರ ಶುರುವಿನಲ್ಲಿ ನಾನೂ ನನ್ನ ರೂಮ್‌ಮೇಟೂ ಕೆಲಸ ಬಿಟ್ವಿ. ದಾಸರಹಳ್ಳಿಯಲ್ಲಿ ಮೂರನೇ ಮಹಡಿ ಮೇಲೆ ಒಂದು ರೂಮು, ಎರಡು ಲ್ಯಾಪ್‌ಟಾಪು, ಒಂದು ಪ್ರಿಂಟರು. ಅಷ್ಟೇ ನಮ್ಮ ಆಫೀಸು. ಪೀಣ್ಯದ ಸಣ್ಣ ಸಣ್ಣ ವರ್ಕ್‌ಶಾಪ್‌ಗಳಿಗೆ ಬೇಕಾದ ಸಾಫ್ಟ್‌ವೇರ್ ಬರೆದುಕೊಡೋಣ ಅನ್ನೋದು ಐಡಿಯಾ. ದಾಸರಹಳ್ಳಿಯಿಂದ ಪೀಣ್ಯ ಇಂಡಸ್ಟ್ರಿ ಸ್ಟೇಷನ್ನಿಗೆ ಮೆಟ್ರೋದಲ್ಲಿ ಎರಡೇ ಸ್ಟಾಪು. ಅಲ್ಲಿ ಯಾವ ಕ್ರಾಸ್‌ಗೆ ಹೋದರೂ ನಾಲ್ಕು ಮೆಷಿನ್ ಇಟ್ಟುಕೊಂಡು ದೊಡ್ಡ ಕಂಪನಿಗಳಿಗೆ ಜಾಬ್ ವರ್ಕ್ ಮಾಡೋ ಶೆಡ್ಡು ಸಿಗುತ್ತೆ. ಲೆಕ್ಕ ಎಲ್ಲ ರಿಜಿಸ್ಟರ್ ಪುಸ್ತಕದಲ್ಲಿ.

ಮೊದಲ ದೊಡ್ಡ ಗಿರಾಕಿ ಸಿಕ್ಕಿದ್ದು ಅಪ್ಪನ ಕಡೆಯಿಂದ. ಅವರೂ ಅಪ್ಪನೂ ತಿಪಟೂರಿನ ಕಡೆಯವರು, ಐಟಿಐನಲ್ಲಿ ಒಂದೇ ಬೆಂಚು. ಅಪ್ಪ ಊರಿಗೆ ವಾಪಸ್ ಹೋಗಿ ತೋಟ ನೋಡಿಕೊಂಡರು, ಇವರು ಪೀಣ್ಯದಲ್ಲಿ ಒಂದು ಲೇತ್ ಹಾಕಿಕೊಂಡು ಶುರು ಮಾಡಿ ಈಗ ಎರಡು ಸಿಎನ್‌ಸಿ, ಮೂರು ವಿಎಂಸಿ ಇಟ್ಟಿದಾರೆ. ಹದಿನಾಲ್ಕು ಜನ ಕೆಲಸಕ್ಕಿದಾರೆ. ಹೆಸರು ಬೇಡ, ಯಜಮಾನರು ಅಂತಲೇ ಕರೀತೀನಿ. ಚಿಕ್ಕಂದಿನಲ್ಲಿ ಅವರನ್ನ ಅಂಕಲ್ ಅಂತಿದ್ದೆ. ಕೊಟೇಷನ್ ಕೊಡೋಕೆ ಹೋದಾಗ ಅಂಕಲ್ ಅನ್ನಬೇಕೋ ಸಾರ್ ಅನ್ನಬೇಕೋ ಗೊತ್ತಾಗದೆ ಅರ್ಧ ಗಂಟೆ ಯಾವುದನ್ನೂ ಅನ್ನದೆ ಮಾತಾಡಿದೆ! ಆಮೇಲೆ ಯೋಚಿಸಿದರೆ ಎಡವಟ್ಟು ಅಲ್ಲೇ ಶುರುವಾಗಿತ್ತು ಅನ್ಸುತ್ತೆ.

ಒಪ್ಪಿಕೊಂಡಿದ್ದು ನಾಲ್ಕು ಕೆಲಸ. ಗಿರಾಕಿ ಕಳಿಸಿದ ಮಾಲು ಬಂದಾಗ ಇನ್‌ವರ್ಡ್ ಎಂಟ್ರಿ, ಮೆಷಿನ್‌ಗೆ ಹೋಗುವಾಗ ಜಾಬ್ ಕಾರ್ಡು, ವಾಪಸ್ ಕಳಿಸುವಾಗ ಡಿಸಿ, ತಿಂಗಳ ಕೊನೆಗೆ ಬಿಲ್ಲು. (ಡಿಸಿ ಅಂದ್ರೆ ಜಿಲ್ಲಾಧಿಕಾರಿ ಅಲ್ಲ, ಡೆಲಿವರಿ ಚಲನ್ :-) ) ನಾವು ಹಾಕಿದ ಅಂದಾಜು 240 ಗಂಟೆ, ಗಂಟೆಗೆ 500 ರೂಪಾಯಿಯಂತೆ 1,20,000 ರೂಪಾಯಿ. ಎಂಟು ವಾರ. ಮುಂಗಡ 36,000, ಡೆಮೊ ಆದಮೇಲೆ 48,000, "ಕೆಲಸ ಪೂರ್ತಿ ಮುಗಿದ ಮೇಲೆ" 36,000. ಈ ಕೊನೇ ಸಾಲನ್ನ ನೆನಪಿಟ್ಟುಕೊಳ್ಳಿ, ನಮಗೆ ಏಟು ಬಿದ್ದಿದ್ದು ಅಲ್ಲೇ. ಎಲ್ಲ ಸೇರಿ ಒಂದೇ ಹಾಳೆ. ಕೆಳಗೆ ಅವರ ಸೈನು, ಪಕ್ಕದಲ್ಲಿ ನನ್ನದು. "ನಮ್ಮವರ ಹತ್ರ ಇಷ್ಟೆಲ್ಲ ಯಾಕಪ್ಪಾ" ಅಂತ ನಕ್ಕೇ ಸೈನ್ ಹಾಕಿದ್ದರು.

ಜೂನ್‌ನಲ್ಲಿ ಕೆಲಸ ಶುರು. ಎರಡನೇ ವಾರಕ್ಕೇ ಮೊದಲ ಕೊಸರು ಬಂತು. ಡಿಸಿ ಮೇಲೆ ಲೋಗೋ ಬೇಕು. ಒಂದು ಗಂಟೆ ಕೆಲಸ, ಹಾಕಿದ್ವಿ. ಆಪರೇಟರ್‌ಗಳ ಹೆಸರು ಕನ್ನಡದಲ್ಲಿ ಕಾಣಬೇಕು ಅಂದರು. ಅದನ್ನಂತೂ ಖುಷಿಯಿಂದ ಮಾಡಿದೆ, ಯೂನಿಕೋಡ್ ಕನ್ನಡದಲ್ಲಿ ಬ್ಲಾಗ್ ಬರೆಯೋನು ಇಲ್ಲ ಅನ್ನೋಕಾಗುತ್ತಾ! ಆಮೇಲೆ ಇನ್ನೊಂದು ಕಾಲಮ್ಮು, ಇನ್ನೊಂದು ಪ್ರಿಂಟು. ಎಲ್ಲ ವಾಟ್ಸಾಪ್‌ನಲ್ಲಿ, ಹೆಚ್ಚಾಗಿ ರಾತ್ರಿ ಒಂಬತ್ತರ ಮೇಲೆ, ವಾಯ್ಸ್ ಮೆಸೇಜು. "ಏನಯ್ಯಾ, ಊಟ ಆಯ್ತಾ? ಅದೇನು, ಒಂದು ಬಟನ್ ತಾನೆ?"

ಬಟನ್ ದೊಡ್ಡದಾಗ್ತಾ ಹೋಯ್ತು. ಬಿಲ್ಲನ್ನ ಮತ್ತೆ ಟ್ಯಾಲಿಯಲ್ಲಿ ಕೂತು ಹೊಡೀಬೇಕು, ಅದು ನೇರ ಹೋಗೋ ಹಾಗೆ ಮಾಡಿ ಅಂದರು. ಟ್ಯಾಲಿ ಎಕ್ಸ್‌ಎಂಎಲ್ ಫೈಲನ್ನ ಒಳಗೆ ತಗೊಳ್ಳುತ್ತೆ, ಆದರೆ ಪಾರ್ಟಿ ಹೆಸರು, ಲೆಡ್ಜರ್ ಹೆಸರು ಅಲ್ಲಿರೋದಕ್ಕೆ ಅಕ್ಷರ ಅಕ್ಷರ ಹೊಂದಬೇಕು. ಅವರ ಟ್ಯಾಲಿಯಲ್ಲಿ ಒಂದೇ ಗಿರಾಕಿ ಮೂರು ಹೆಸರಲ್ಲಿ ಇದ್ದ. ಬಟನ್ ಒಂದೇ, ಅದರ ಹಿಂದೆ 24 ಗಂಟೆ. ಆಮೇಲೆ ಕಟಿಂಗ್ ಇನ್ಸರ್ಟ್‌ಗಳ ಸ್ಟಾಕು, ಯಾರು ಎಷ್ಟು ತಗೊಂಡರು ಅನ್ನೋ ಲೆಕ್ಕ. ಆಮೇಲೆ ಶಿಫ್ಟ್‌ವಾರು ಎಷ್ಟು ಪೀಸ್ ಆಯ್ತು ಅನ್ನೋ ರಿಪೋರ್ಟು. ಎಂಟು ವಾರ ಮುಗಿದು, ಹನ್ನೆರಡಾಗಿ, ಇಪ್ಪತ್ತಾಯ್ತು. ಮೂಲ ನಾಲ್ಕು ಕೆಲಸ ಸೆಪ್ಟೆಂಬರ್‌ನಿಂದಲೇ ಶೆಡ್‌ನಲ್ಲಿ ಓಡ್ತಾ ಇದೆ, ದಿನಕ್ಕೆ ಇಪ್ಪತ್ತು ಡಿಸಿ ಪ್ರಿಂಟ್ ಆಗ್ತಿದೆ. ಆದರೆ 36,000 ಮಾತ್ರ ಬರಲಿಲ್ಲ. ಕೇಳಿದರೆ, "ಪೂರ್ತಿ ಮುಗಿಲಿ ಕಣಪ್ಪಾ, ಕೊಡದೆ ಎಲ್ಲಿ ಹೋಗ್ತೀನಿ?"

ಅವರು ಮೋಸ ಮಾಡ್ತಿರಲಿಲ್ಲ, ಇದನ್ನ ಹೇಳಲೇಬೇಕು. ಅವರ ಕಣ್ಣಲ್ಲಿ ಕೆಲಸ ನಿಜಕ್ಕೂ ಮುಗಿದಿರಲಿಲ್ಲ. ಪ್ರತೀ ಹೊಸ ಬಟನ್ ಸೇರಿದಾಗಲೂ "ಪೂರ್ತಿ" ಅನ್ನೋ ಗೆರೆ ನಾಲ್ಕು ಹೆಜ್ಜೆ ಮುಂದೆ ಹೋಗ್ತಿತ್ತು, ನಮ್ಮ ದುಡ್ಡು ಆ ಗೆರೆಯ ಆಚೆ ಇತ್ತು. ಗೆರೆ ಎಲ್ಲಿ ಅಂತ ನಾವು ಹಾಳೆ ಮೇಲೆ ಬರೆದೇ ಇರಲಿಲ್ಲ.

ನವೆಂಬರ್‌ನಲ್ಲಿ ಹದಿನೆಂಟನೇ ಬೇಡಿಕೆ ಬಂತು. "ನಮ್ಮ ಬಾಮೈದಂದು ಪಕ್ಕದ ಕ್ರಾಸ್‌ನಲ್ಲಿ ಗ್ರೈಂಡಿಂಗ್ ಯೂನಿಟ್ ಇದೆಯಲ್ಲ, ಅದನ್ನೂ ಇದರೊಳಗೆ ಸೇರಿಸಿಬಿಡು. ಮೇಲೆ ಕಂಪನಿ ಹೆಸರು ಬದಲಾಯಿಸೋ ಒಂದು ಬಟನ್ ಸಾಕು."

ನಾನು "ನೋಡ್ತೀನಿ ಅಂಕಲ್" ಅಂದೆ. ಫೋನಿಟ್ಟೆ. ರೂಮ್‌ಮೇಟ್ ಲ್ಯಾಪ್‌ಟಾಪ್ ಮುಚ್ಚಿದ.

"ಮಗಾ, ನಿಂಗೆ ಅವರು ಅಂಕಲ್ಲು. ನಂಗೆ ಅವರು ಯಾರು?"

ಉತ್ತರ ಇರಲಿಲ್ಲ. ಅವನಿಗೆ ಊರಲ್ಲಿ ಮನೆ ಸಾಲ ಇತ್ತು. ಎರಡು ತಿಂಗಳಿಂದ ರೂಮಿನ ಬಾಡಿಗೆ ನಾನೊಬ್ಬನೇ ಕಟ್ತಿದ್ದೆ, ಅದೂ ಪಿಎಫ್ ದುಡ್ಡಲ್ಲಿ. ಆ ರಾತ್ರಿ ಇಬ್ಬರೂ ಕೂತು ಲೆಕ್ಕ ಹಾಕಿದ್ವಿ. ಗಂಟೆಗಳನ್ನ ಎಲ್ಲೂ ಬರೆದಿಟ್ಟಿರಲಿಲ್ಲ, ಕೊಸರಿಗೆ ಯಾರು ಲೆಕ್ಕ ಇಡ್ತಾರೆ? ವಾಟ್ಸಾಪ್ ಮೆಸೇಜುಗಳನ್ನ ಒಂದು ಕಡೆ ಇಟ್ಟುಕೊಂಡು, ಇನ್ನೊಂದು ಕಡೆ ಇದನ್ನ ಓಡಿಸಿದೆ:

```
git log --since="2024-06-01" --date=short --pretty="%ad %an %s"
```

ಯಾವ ದಿನ ಯಾರು ಯಾವ ಕೆಲಸ ಮಾಡಿದರು ಅಂತ ಸಾಲಾಗಿ ಬರುತ್ತೆ. ಗಂಟೆ ಬರೋದಿಲ್ಲ. ದಿನ ನೋಡಿ, ನೆನಪು ಮಾಡಿಕೊಂಡು, ಅನುಮಾನ ಇದ್ದಲ್ಲಿ ಕಮ್ಮಿನೇ ಹಾಕಿದ್ವಿ. ಆದರೂ 131 ಗಂಟೆ ಬಂತು. ಒಟ್ಟು 371 ಗಂಟೆ ಕೆಲಸ, ಕೈಗೆ ಬಂದಿದ್ದು 84,000. ಗಂಟೆಗೆ 226 ರೂಪಾಯಿ. ಮಾತಾಡಿದ್ದು 500. 131ರಲ್ಲಿ 80 ಗಂಟೆ ಅವನದ್ದೇ. ಅವನು ಏನೂ ಅನ್ನಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ರೆಸ್ಯೂಮೆ ತಿದ್ದುತಾ ಕೂತಿದ್ದ.

ಮಾರನೇ ದಿನ ಜಗಳ ಆಡೋಕೆ ಅಂತಲೇ ಶೆಡ್‌ಗೆ ಹೋದೆ. ಮೆಟ್ರೋದಲ್ಲಿ ಡೈಲಾಗ್ ಎಲ್ಲ ರಿಹರ್ಸಲ್ ಆಗಿತ್ತು. ಹೋದರೆ ಯಜಮಾನರು ಫೋನಲ್ಲಿದ್ದರು, ಕೂತ್ಕೋ ಅಂತ ಕೈ ಮಾಡಿದರು. ಕೂಲಂಟ್ ವಾಸನೆ, ವಿಎಂಸಿ ಕೀರಲು. ಆ ಕಡೆ ಯಾವುದೋ ದೊಡ್ಡ ಕಂಪನಿಯ ಪರ್ಚೇಸ್‌ನವರು. ಒಂದು ಬ್ರಾಕೆಟ್‌ಗೆ ಇನ್ನೊಂದು ಎಂ6 ಟ್ಯಾಪ್ ಹಾಕಿಕೊಡಿ ಅಂತ ಕೇಳ್ತಿದಾರೆ. ಒಂದೇ ಒಂದು ತೂತು. ಯಜಮಾನರು ನಗ್ತಾ ನಗ್ತಾ ಹೇಳಿದರು: "ಆಗಲಿ ಸಾರ್, ಖಂಡಿತ ಮಾಡಿಕೊಡ್ತೀನಿ. ರೆವಿಷನ್ ಸಿ ಡ್ರಾಯಿಂಗ್ ಕಳಿಸಿ, ಪಿಒ ಅಮೆಂಡ್ ಮಾಡಿ ಕಳಿಸಿ. ಬಂದ ದಿನವೇ ಸೆಟ್ಟಿಂಗ್ ಹಾಕಿಸ್ತೀನಿ."

ಫೋನಿಟ್ಟ ಮೇಲೆ ನಾನೇ ಕೇಳಿದೆ, ಒಂದು ಟ್ಯಾಪ್ ತಾನೆ ಅಂತ. ಅವರು ನನ್ನನ್ನ ಪಾಪದವನ ಹಾಗೆ ನೋಡಿದರು.

"ಒಂದು ಟ್ಯಾಪ್ ಅಂದ್ರೆ ಏನು ಗೊತ್ತೇನಯ್ಯಾ? ಮೊದ್ಲು ಐದು ಎಂಎಂ ಡ್ರಿಲ್. ಆಮೇಲೆ ಟ್ಯಾಪ್. ಎರಡು ಟೂಲ್ ಜಾಸ್ತಿ, ಪ್ರೋಗ್ರಾಂ ತಿದ್ದಬೇಕು, ಗೇಜ್ ಹಾಕಿ ನೋಡಬೇಕು. ಪೀಸ್‌ಗೆ ನಲವತ್ತು ಸೆಕೆಂಡ್ ಜಾಸ್ತಿ. ಐನೂರು ಪೀಸ್‌ಗೆ ಐದೂವರೆ ಗಂಟೆ ಮೆಷಿನ್ ಹೋಯ್ತು. ಗಂಟೆಗೆ ಆರುನೂರು. ಟ್ಯಾಪ್ ಮುರಿದು ಒಳಗೆ ಸಿಕ್ಕಿಕೊಂಡ್ರೆ ಪೀಸೂ ಹೋಯ್ತು, ಅದು ಗಿರಾಕಿ ಮಾಲು. ಡ್ರಾಯಿಂಗ್ ಇಲ್ದೆ ಬಾಯಿಮಾತಲ್ಲಿ ಹಾಕಿಕೊಟ್ರೆ ನಾಳೆ ಅವರ ಇನ್ಸ್‌ಪೆಕ್ಷನ್‌ನೋನು ರೆವಿಷನ್ ಬಿ ಡ್ರಾಯಿಂಗ್ ಹಿಡ್ಕೊಂಡು ಇದೆಲ್ಲಿಂದ ಬಂತು ತೂತು ಅಂತ ಐನೂರೂ ರಿಜೆಕ್ಟ್ ಮಾಡ್ತಾನೆ."

ನನ್ನ ರಿಹರ್ಸಲ್ ಎಲ್ಲ ಮರೆತುಹೋಯ್ತು. ನಾನು ಹೇಳಬೇಕಾಗಿದ್ದ ಅಷ್ಟೂ ಮಾತನ್ನ ಅವರೇ ಹೇಳಿಬಿಟ್ಟರು! ಬಟನ್ ಅಂದರೆ ಟ್ಯಾಪ್. ಟೆಸ್ಟಿಂಗ್ ಅಂದರೆ ಗೇಜ್. ಈ ಮನುಷ್ಯನಿಗೆ ಸ್ಕೋಪ್ ಕ್ರೀಪ್ ಅಂದರೇನು ಅಂತ ನಾನು ಕಲಿಸಬೇಕಾಗಿರಲಿಲ್ಲ, ಮೂವತ್ತು ವರ್ಷದಿಂದ ಅದರ ಜೊತೆಗೇ ಬದುಕಿದಾರೆ. ಸಾಫ್ಟ್‌ವೇರ್‌ಗೂ ಡ್ರಾಯಿಂಗ್ ಇರುತ್ತೆ ಅಂತ ಅವರಿಗೆ ಗೊತ್ತಿರಲಿಲ್ಲ ಅಷ್ಟೇ. ಯಾಕಂದ್ರೆ ನಾನು ತೋರಿಸಿರಲಿಲ್ಲ. ಜಗಳ ಆಡದೆ ಟೀ ಕುಡಿದು ವಾಪಸ್ ಬಂದೆ.

ಎರಡು ದಿನ ಕೂತು ಒಂದು ಹಾಳೆ ಮಾಡಿದೆ, ಡ್ರಾಯಿಂಗ್ ಮೂಲೆಯಲ್ಲಿ ರೆವಿಷನ್ ಟೇಬಲ್ ಇರುತ್ತಲ್ಲ, ಹಾಗೆಯೇ. ರೆವಿಷನ್ ನಂಬರು, ತಾರೀಖು, ಏನು ಬದಲಾವಣೆ, ಯಾರು ಕೇಳಿದ್ದು, ಎಷ್ಟು ಗಂಟೆ, ಎಷ್ಟು ರೂಪಾಯಿ, ಎಷ್ಟು ದಿನ ತಡ, ಸೈನು. ಆಗಿದ್ದ ಹದಿನೇಳು ಬೇಡಿಕೆಗಳನ್ನ ಅದರಲ್ಲಿ ತುಂಬಿಸೋಕೆ ಕೂತಾಗ ನನ್ನ ಸಿಟ್ಟಿಗೆ ಎರಡನೇ ಏಟು ಬಿತ್ತು. ಎಲ್ಲ ಬೇಡಿಕೆಗಳೂ ಅವರ ತಪ್ಪಲ್ಲ.

ಉದಾಹರಣೆಗೆ, ಗಿರಾಕಿ 500 ಪೀಸ್ ಮಾಲು ಕಳಿಸ್ತಾನೆ. ನಾನು ಬರೆದ ಪ್ರೋಗ್ರಾಂನಲ್ಲಿ 500 ಒಳಗೆ ಬಂದರೆ 500 ಹೊರಗೆ ಹೋಗಬೇಕು, ಒಂದು ಇನ್‌ವರ್ಡ್‌ಗೆ ಒಂದು ಡಿಸಿ. ನಿಜದಲ್ಲಿ ಇವತ್ತು 200, ನಾಡಿದ್ದು 288, ಹನ್ನೆರಡು ರಿಜೆಕ್ಷನ್. ಅದರಲ್ಲೂ ಕಬ್ಬಿಣದಲ್ಲೇ ತೂತು-ಬಿರುಕು ಇದ್ದದ್ದು ಬೇರೆ, ಇವರ ಮೆಷಿನ್‌ನಲ್ಲಿ ಕೆಟ್ಟದ್ದು ಬೇರೆ, ಯಾಕಂದ್ರೆ ಎರಡನೆಯದರ ದುಡ್ಡು ಇವರು ಕಟ್ಟಬೇಕು. ಇದನ್ನ ಸರಿ ಮಾಡೋಕೆ 34 ಗಂಟೆ ಹಿಡೀತು, ಆಗ ನಾವಿಬ್ಬರೂ ಯಜಮಾನರನ್ನ ಚೆನ್ನಾಗಿ ಬೈಕೊಂಡಿದ್ವಿ. ಆದರೆ ಜಾಬ್ ವರ್ಕ್ ಅಂದಮೇಲೆ ಕಂತಲ್ಲಿ ಕಳಿಸೋದು ಇದ್ದೇ ಇರುತ್ತೆ. ಒಂದು ದಿನ ಡಿಸ್ಪ್ಯಾಚ್ ಹುಡುಗನ ಪಕ್ಕದಲ್ಲಿ ಕೂತು ನೋಡಿದ್ದರೆ ನನಗೇ ಗೊತ್ತಾಗ್ತಿತ್ತು. ಡಿಸಿ ಮಾಡಿಕೊಡ್ತೀನಿ ಅಂತ ಒಪ್ಪಿಕೊಂಡ ಮೇಲೆ ಇದು ಅದರ ಒಳಗಿನದೇ. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಅವರಿಗೆ ಅದು ಹೇಳಬೇಕಾದ ವಿಷಯ ಅಂತಲೇ ಅನ್ನಿಸಿರಲಿಲ್ಲ.

ಹಾಗಾಗಿ ಮೂರು ರಾಶಿ ಮಾಡಿದೆ. ಮೊದಲನೆಯದು ನಮ್ಮ ತಪ್ಪು: ಈ ಕಂತಿನ ಡಿಸಿ, ಜೊತೆಗೆ ಎರಡು ಬಗ್‌ಗಳು, ಒಟ್ಟು 46 ಗಂಟೆ. ಎರಡನೆಯದು ಕೊಸರು: ಲೋಗೋ, ಕಾಲಮ್ಮು, ಕನ್ನಡ ಹೆಸರು ಇಂಥ ಒಂಬತ್ತು, ಎಲ್ಲ ಸೇರಿ 19 ಗಂಟೆ. ಮೂರನೆಯದು ಹೊಸ ಮೊಳ: ಟ್ಯಾಲಿ, ಇನ್ಸರ್ಟ್ ಸ್ಟಾಕು, ಶಿಫ್ಟ್ ರಿಪೋರ್ಟು, ಇನ್ನೆರಡು, ಒಟ್ಟು 66 ಗಂಟೆ. ಯಾವುದು ಯಾವ ರಾಶಿಗೆ ಅಂತ ಗೊಂದಲ ಆದಾಗ ಒಂದು ಪ್ರಶ್ನೆ ಹಾಕಿಕೊಂಡೆ: ಇದು ಇಲ್ಲದಿದ್ದರೆ ಹಾಳೆಯಲ್ಲಿ ಬರೆದ ಆ ನಾಲ್ಕು ಕೆಲಸ ಶೆಡ್‌ನಲ್ಲಿ ನಿಜವಾಗಿ ನಡೆಯುತ್ತಾ? ನಡೆಯಲ್ಲ ಅಂದರೆ ಅದು ನಮ್ಮದು. ನಡೆಯುತ್ತೆ ಅಂದರೆ ಹೊಸದು. ಕಂತಿನ ಡಿಸಿ ಇಲ್ಲದೆ ಡಿಸ್ಪ್ಯಾಚ್ ನಡೆಯಲ್ಲ. ಟ್ಯಾಲಿ ಇಲ್ಲದೆ ಬಿಲ್ ಆರಾಮಾಗಿ ಪ್ರಿಂಟ್ ಆಗುತ್ತೆ.

ಹಾಳೆ ತಗೊಂಡು ಹೋದೆ. ಮೊದಲ ರಾಶಿಯನ್ನ ಮೊದಲು ತೋರಿಸಿದೆ: "ಇದು ನಮ್ಮ ತಪ್ಪು ಸಾರ್, ಇದಕ್ಕೆ ದುಡ್ಡಿಲ್ಲ." ಹೌದು, ಅವತ್ತು ಸಾರ್ ಅಂದೆ. ಅವರು ಕನ್ನಡಕ ಹಾಕಿಕೊಂಡು ರೆವಿಷನ್ ಟೇಬಲ್ ಓದಿದರು. ಅವರು ನನ್ನ ಕಾಗದವೊಂದನ್ನ ಪೂರ್ತಿ ಓದಿದ್ದು ಅದೇ ಮೊದಲು. ಮೂರನೇ ರಾಶಿಗೆ ಬಂದಾಗ, 66 ಗಂಟೆ, 33,000 ರೂಪಾಯಿ, ನಿಂತರು.

"ಇದು ಒಪ್ಪಲ್ಲ ಕಣಪ್ಪಾ. ರೇಟು ಜಾಸ್ತಿ ಅಂತಲ್ಲ. ಮಾಡೋಕೆ ಮುಂಚೆ ಯಾಕೆ ಹೇಳಲಿಲ್ಲ? ನಾನು ಟ್ಯಾಪ್ ಹಾಕಿ ಕಳಿಸಿ, ಆಮೇಲೆ ಬಿಲ್ ಕಳಿಸಿದ್ರೆ ಆ ಕಂಪನಿಯೋರು ಕೊಡ್ತಾರಾ? ನೀನು ಹೇಳಿದ್ದಿದ್ರೆ ಆ ಇನ್ಸರ್ಟ್ ಸ್ಟಾಕ್ ನಂಗೆ ಬೇಕಾಗೇ ಇರಲಿಲ್ಲ. ಸುಮ್ನೆ ಸಿಗುತ್ತೆ ಅಂತ ಕೇಳ್ದೆ."

ಬಾಯಿ ಮುಚ್ಚಿತು. ಕಾನೂನು ನೋಡಿದರೆ 1872ರ ಭಾರತೀಯ ಕರಾರು ಕಾಯ್ದೆಯ 70ನೇ ಸೆಕ್ಷನ್ ಇದೆ. ಪುಕ್ಕಟೆ ಕೊಡೋ ಉದ್ದೇಶ ಇಲ್ಲದೆ ಒಬ್ಬರು ಮಾಡಿಕೊಟ್ಟ ಕೆಲಸದ ಲಾಭ ಇನ್ನೊಬ್ಬರು ಪಡೆದರೆ ಅದಕ್ಕೆ ತಕ್ಕದ್ದು ಕೊಡಬೇಕು ಅನ್ನುತ್ತೆ. ಆದರೆ ಆರು ತಿಂಗಳು "ಆಯ್ತು ಅಂಕಲ್" ಅಂತ ವಾಟ್ಸಾಪ್‌ನಲ್ಲಿ ಬರೆದವನು, ಪುಕ್ಕಟೆ ಕೊಡೋ ಉದ್ದೇಶ ಇರಲಿಲ್ಲ ಅಂತ ಯಾವ ಮುಖ ಇಟ್ಟುಕೊಂಡು ಹೇಳೋದು? 33,000ಕ್ಕೆ ಕೋರ್ಟಿಗೆ ಹೋಗೋರು ಯಾರು? ಅಪ್ಪನ ಮುಖ ಬೇರೆ ಕಣ್ಣಮುಂದೆ. ಎಲ್ಲಕ್ಕಿಂತ ಹೆಚ್ಚಾಗಿ, ಅವರು ಹೇಳಿದ್ದು ನ್ಯಾಯವೇ ಇತ್ತು. ಬೆಲೆ ಅನ್ನೋದು ಕೆಲಸಕ್ಕೆ ಮುಂಚೆ ಹೇಳಿದರೆ ಪ್ರಶ್ನೆ, ಆಮೇಲೆ ಹೇಳಿದರೆ ಆಪಾದನೆ.

ಕೊನೆಗೆ ತೀರ್ಮಾನ ಆಗಿದ್ದು ಹೀಗೆ. ಟ್ಯಾಲಿ ಅವರು ದಿನಾ ಬಳಸ್ತಿದ್ದರು, ಅದರ 24 ಗಂಟೆಗೆ 12,000 ಕೊಡ್ತೀನಿ ಅಂದರು. ಉಳಿದದ್ದು ಬಿಟ್ಟೆ. ನಿಂತಿದ್ದ 36,000ಕ್ಕೆ "ಪೂರ್ತಿ" ಅನ್ನೋ ಪದ ಹೊಡೆದುಹಾಕಿ ಹೊಸ ಸಾಲು ಬರೆದ್ವಿ: ಮೂಲ ನಾಲ್ಕು ಕೆಲಸಗಳನ್ನ ಹತ್ತು ದಿನ ಶೆಡ್‌ನಲ್ಲಿ ಓಡಿಸಿ ನೋಡುವುದು, ಆ ಹತ್ತು ದಿನದಲ್ಲಿ ಬಂದ ತಪ್ಪು ನಾವು ಪುಕ್ಕಟೆ ಸರಿ ಮಾಡುವುದು, ಹನ್ನೊಂದನೇ ದಿನ ಚೆಕ್. ಹೊಸ ಬೇಡಿಕೆ ಏನೇ ಬಂದರೂ ಬೇರೆ ರೆವಿಷನ್, ಅದಕ್ಕೂ ಈ ಚೆಕ್‌ಗೂ ಸಂಬಂಧ ಇಲ್ಲ. ಹನ್ನೆರಡನೇ ದಿನ ದುಡ್ಡು ಬಂತು. ಒಂದು ದಿನ ಕೊಸರು, ಇರಲಿ :-)

ಇನ್ನು ಆ ಹದಿನೆಂಟನೇ ಬೇಡಿಕೆ, ಬಾಮೈದನ ಯೂನಿಟ್ಟು. ಇದನ್ನ ಕೆಲಸಕ್ಕೆ ಮುಂಚೆಯೇ ಬರೆದುಕೊಟ್ಟೆ. ಬಟನ್ ಯಾಕೆ ಸಾಲಲ್ಲ ಅಂತ ಅವರ ಭಾಷೆಯಲ್ಲೇ ವಿವರಿಸಿದೆ. ಇದು ಅವರದ್ದೇ ಇನ್ನೊಂದು ಶೆಡ್ ಆಗಿದ್ದರೆ ಅದೇ ಜಿಎಸ್‌ಟಿ ನಂಬರಿನಡಿ ಬರ್ತಿತ್ತು. ಆದರೆ ಬಾಮೈದನದು ಬೇರೆ ಫರ್ಮು, ಬೇರೆ ಜಿಎಸ್‌ಟಿ ನಂಬರು. ಡಿಸಿ ಸೀರಿಯಲ್ ಬೇರೆ, ಬಿಲ್ ಸೀರಿಯಲ್ ಬೇರೆ, ಟ್ಯಾಲಿ ಕಂಪನಿ ಬೇರೆ. ಇಬ್ಬರ ಸೀರಿಯಲ್ ಒಂದಕ್ಕೊಂದು ಬೆರೆತರೆ ಆಡಿಟರ್ ಮುಂದೆ ಇಬ್ಬರೂ ನಿಲ್ಲಬೇಕು. ನಾವು ಈಗಾಗಲೇ ಬರೆದಿದ್ದ ಪ್ರತಿಯೊಂದು ಪುಟವನ್ನೂ ಮತ್ತೆ ಮುಟ್ಟಬೇಕು. 90 ಗಂಟೆ, 45,000 ರೂಪಾಯಿ, ಐದು ವಾರ.

ಯಜಮಾನರು ಎರಡು ದಿನ ಸುಮ್ಮನಿದ್ದರು. ಕೆಲಸ ಕೈತಪ್ಪಿತು ಅಂದುಕೊಂಡೆ. ಮೂರನೇ ದಿನ ಫೋನು. "ಅಷ್ಟೆಲ್ಲ ಬೇಡ ಕಣಯ್ಯಾ. ನಮ್ಮ ಪೀಸು ಅವನ ಹತ್ರ ಗ್ರೈಂಡಿಂಗ್‌ಗೆ ಹೋಗುತ್ತಲ್ಲ, ಎಷ್ಟು ಹೋಯ್ತು, ಎಷ್ಟು ಬಂತು, ಎಷ್ಟು ದಿನದಿಂದ ಅಲ್ಲೇ ಕೂತಿದೆ, ಅದಷ್ಟು ಕಂಡ್ರೆ ಸಾಕು."

ಅವರಿಗೆ ಮೊದಲಿಂದಲೂ ಬೇಕಾಗಿದ್ದು ಅದೇ! ಜಾಬ್ ವರ್ಕ್‌ಗೆ ಬಂದ ಮಾಲು ಮೂಲ ಗಿರಾಕಿ ಕಳಿಸಿದ ದಿನದಿಂದ ಒಂದು ವರ್ಷದೊಳಗೆ ವಾಪಸ್ ಹೋಗಬೇಕು, ಇಲ್ಲವಾದರೆ ಅದನ್ನ ಕಳಿಸಿದ ದಿನವೇ ಮಾರಿದ್ದು ಅಂತ ಜಿಎಸ್‌ಟಿ ಕಾಯ್ದೆ ಲೆಕ್ಕ ಹಿಡಿಯುತ್ತೆ. ಹಿಂದೊಮ್ಮೆ ಬಾಮೈದನ ಶೆಡ್‌ನ ಮೂಲೆಯಲ್ಲಿ ಮರೆತು ಕೂತ ಪೀಸ್‌ಗಳ ವಿಷಯಕ್ಕೆ ಗಿರಾಕಿ ಹತ್ರ ಬೈಸಿಕೊಂಡಿದ್ದರಂತೆ. ಆ ಭಯಕ್ಕೆ ಅವರಿಗೆ ಹೊಳೆದ ಪರಿಹಾರ "ಅವನ ಕಂಪನಿನೂ ಸೇರಿಸಿಬಿಡು." ಬೆಲೆ ಕೇಳಿದ ಮೇಲೆ ನಿಜವಾದ ಭಯ ಯಾವುದು ಅಂತ ಯೋಚಿಸಿದರು. ಹೊರಗೆ ಕಳಿಸಿದ ಮಾಲಿಗೆ ಒಂದು ರಿಜಿಸ್ಟರು, ದಿನಗಳ ಲೆಕ್ಕ, 300 ದಿನ ದಾಟಿದ್ದು ಕೆಂಪು. 28 ಗಂಟೆ, 14,000 ರೂಪಾಯಿ. ಸೈನ್ ಹಾಕಿದ ದಿನವೇ ಅರ್ಧ ದುಡ್ಡು ಕೊಟ್ಟರು. ನಾನು ಹಳೇ ಚಾಳಿಯಲ್ಲಿ "ಆಯ್ತು ಅಂಕಲ್" ಅಂದಿದ್ದರೆ 90 ಗಂಟೆ ಪುಕ್ಕಟೆ ದುಡಿದು ಅವರಿಗೆ ಬೇಡದ್ದನ್ನ ಕಟ್ಟಿಕೊಡ್ತಿದ್ದೆ.

ಆ ಹಾಳೆ ಈಗ ಎಲ್ಲ ಗಿರಾಕಿಗಳಿಗೂ ಇದೆ. ಎರಡು ಸಂಗತಿ ಅನುಭವದಿಂದ ಸೇರಿಸಿದೀನಿ. ಒಂದು, ಕರಾರಿನಲ್ಲೇ ಎಂಟು ಗಂಟೆ ಕೊಸರು ಅಂತ ಬರೀತೀನಿ. ಲೋಗೋ, ಕಾಲಮ್ಮು ಇಂಥದ್ದೆಲ್ಲ ಅದರಲ್ಲಿ. ಪುಕ್ಕಟೆ ಮಾಡಿದ್ದನ್ನೂ ಹಾಳೆಯಲ್ಲಿ ಬರೆದು ರೂಪಾಯಿ ಜಾಗದಲ್ಲಿ ಸೊನ್ನೆ ಹಾಕ್ತೀನಿ. ಕಾಣದ ಕೊಸರು ಹಕ್ಕಾಗುತ್ತೆ, ಕಂಡ ಕೊಸರು ಉಪಕಾರವಾಗಿ ಉಳಿಯುತ್ತೆ. ಎರಡು, 240ರಲ್ಲಿ 46 ಅಂದರೆ ಹತ್ತಿರ ಹತ್ತಿರ ಐದರಲ್ಲಿ ಒಂದು ಪಾಲು ನನ್ನದೇ ಅಜ್ಞಾನದ ಬೆಲೆ. ಅಷ್ಟನ್ನ ಅಂದಾಜಿನಲ್ಲಿ ಮೊದಲೇ ಸೇರಿಸ್ತೀನಿ, ಒಂದು ಪೂರ್ತಿ ದಿನ ಡಿಸ್ಪ್ಯಾಚ್ ಟೇಬಲ್ ಹತ್ರ ಕೂರ್ತೀನಿ. ಗಿರಾಕಿ ದುಡ್ಡಿಲ್ಲ ಆದರೆ ಇದು ಬೇಕೇಬೇಕು ಅಂದರೆ, ಹಾಳೆಯಲ್ಲಿರೋ ಇನ್ನೂ ಮುಟ್ಟದ, ಅಷ್ಟೇ ಗಂಟೆಯ ಬೇರೆ ಕೆಲಸ ತೆಗೆಯೋಣ, ಯಾವುದು ಅಂತ ನೀವೇ ಹೇಳಿ ಅಂತೀನಿ. ವಾಟ್ಸಾಪ್ ವಾಯ್ಸ್ ಮೆಸೇಜಿಗೆ ಈಗ ಒಂದೇ ಉತ್ತರ: "ಬರೆದು ಕಳಿಸ್ತೀನಿ ಸಾರ್." ಹೌದು ಅಂತಲೂ ಅಲ್ಲ, ಇಲ್ಲ ಅಂತಲೂ ಅಲ್ಲ. ಅರ್ಧಕ್ಕರ್ಧ ಬೇಡಿಕೆಗಳು ಬೆಳಿಗ್ಗೆ ಹೊತ್ತಿಗೆ ತಾವೇ ಇಲ್ಲವಾಗ್ತವೆ.

ಇದು ಎಲ್ಲ ಕಡೆ ನಡೆಯುತ್ತೆ ಅಂತಲ್ಲ. ಒಬ್ಬರು ಹಾಳೆ ನೋಡಿದವರೇ "ಇಷ್ಟು ಲೆಕ್ಕದ ಮನುಷ್ಯ ನಮಗೆ ಬೇಡ" ಅಂತ ಬೇರೆಯವರ ಹತ್ರ ಹೋದರು. ಹೋಗಲಿ ಅನ್ನೋಕೆ ಕೈಯಲ್ಲಿ ಎರಡು ತಿಂಗಳ ಬಾಡಿಗೆ ಇರಬೇಕು. ಇಲ್ಲದಾಗ ಎಂಥ ಹಾಳೆ ಇದ್ದರೂ ಬಾಯಿ "ಆಯ್ತು" ಅಂದುಬಿಡುತ್ತೆ.

ರೂಮ್‌ಮೇಟ್ ನಿಲ್ಲಲಿಲ್ಲ. 36,000ದ ಚೆಕ್ ಬರೋ ಹೊತ್ತಿಗೆ ಅವನಿಗೆ ವೈಟ್‌ಫೀಲ್ಡ್‌ನಲ್ಲಿ ಕೆಲಸ ಸಿಕ್ಕಿತ್ತು. ಅದರಲ್ಲಿ ಅವನ ಪಾಲೂ, ಟ್ಯಾಲಿಯ 12,000 ಪೂರ್ತಿಯೂ ಅವನಿಗೇ ಕಳಿಸಿದೆ, ಅದು ಹೆಚ್ಚಾಗಿ ಅವನೇ ಬರೆದದ್ದು. "ಇಷ್ಟು ಮುಂಚೆ ಕೇಳಿದ್ರೆ ಆಗ್ತಿರಲಿಲ್ವಾ ಮಗಾ?" ಅಂತ ಮೆಸೇಜ್ ಮಾಡಿದ. ಆಗ್ತಿತ್ತು. ಯಜಮಾನರಿಗೆ ಬೇಜಾರಾಗುತ್ತೆ ಅಂತ ಸುಮ್ಮನಿದ್ದೆ, ಬೇಜಾರಾಗಿದ್ದು ಇವನಿಗೆ. ನಾನು ಕೊಡ್ತಿದ್ದ ಕೊಸರಿನಲ್ಲಿ ಅರ್ಧಕ್ಕಿಂತ ಹೆಚ್ಚು ಇವನ ಹೂವು ಅಂತ ನನಗೆ ಹೊಳೆದೇ ಇರಲಿಲ್ಲ.

ಹೋದ ವಾರ ಶೆಡ್‌ಗೆ ಹೋಗಿದ್ದೆ. ಯಜಮಾನರು ಒಂದು ಹಾಳೆ ಮುಂದಿಟ್ಟರು. ಅವರೇ ಪೆನ್ನಲ್ಲಿ ಬರೆದದ್ದು: ರೆವಿಷನ್ ಡಿ, ತಾರೀಖು, ಏನು ಬೇಕು ಅಂತ ಮೂರು ಸಾಲು. ರೂಪಾಯಿ ಜಾಗ ಖಾಲಿ. "ಇದನ್ನ ತುಂಬಿಸಿ ಕೊಡು. ಜಾಸ್ತಿ ಹಾಕಬೇಡ, ನಿಮ್ಮಪ್ಪಂಗೆ ಹೇಳ್ತೀನಿ."

"ಹೇಳಿ ಅಂಕಲ್" ಅಂದೆ.

ನಿಮ್ಮಲ್ಲೂ ಯಾರಾದರೂ ಹೀಗೆ ಕೊಸರು ಕೊಟ್ಟು ಕೈ ಸುಟ್ಟುಕೊಂಡಿದ್ದರೆ ಬರೀರಿ, ಓದ್ತೀನಿ. ಮುಂದಿನ ಸಲ ಇಷ್ಟು ತಡ ಮಾಡಲ್ಲ, ಸೈನ್ ಬೇಕಾದ್ರೂ ಹಾಕ್ತೀನಿ :-)